ಕೇಸ್ ಶೀಟಿನ ಅಪೌಷ್ಟಿಕತೆ ಮತ್ತು ಕೋಡ್

ರೋಗಿ ನೋಡಿದರೇ ಗೊತ್ತಾಗುವಷ್ಟು ಸೊರಗಿದ್ದಾರೆ, ಕೇಸ್ ಶೀಟಿನಲ್ಲೂ ‘ಅಪೌಷ್ಟಿಕತೆ’ ಎಂದಿದೆ. ಆದರೂ ತೀವ್ರ ಅಪೌಷ್ಟಿಕತೆಯ ಕೋಡ್ ಏಕೆ ಬೀಳಲಿಲ್ಲ?

ವೈದ್ಯರು ‘ತೀವ್ರ’ ಎಂದು ಬರೆದಿಲ್ಲ, ಅದಕ್ಕೆ. ಕೋಡಿಂಗ್ ಮಾಡುವವರು ತೂಕ ನೋಡಿ ತಾವೇ ತೀವ್ರತೆ ಊಹಿಸುವಂತಿಲ್ಲ. ಬರೀ ‘ಅಪೌಷ್ಟಿಕತೆ’ ಎಂದಿದ್ದರೆ, ರೋಗಗಳಿಗೆ ಕೋಡ್ ಕೊಡುವ ಅಂತರರಾಷ್ಟ್ರೀಯ ಪಟ್ಟಿಯಾದ ಐಸಿಡಿ-10ರಲ್ಲಿ ಅದು E46, ಅಂದರೆ ತೀವ್ರತೆ ನಮೂದಾಗದ್ದು. ‘ತೀವ್ರ’ ಎಂದಿದ್ದರೆ E43.

ಹಾಗಂತ ಪದವೊಂದನ್ನೇ ಸೇರಿಸಿದರೆ ಸಾಲದು, ಆಧಾರವೂ ಜೊತೆಗಿರಬೇಕು. 5 ತಿಂಗಳ ಹಿಂದೆ 60 ಕೆಜಿ ಇದ್ದವರು ಈಗ 53 ಕೆಜಿ ಎನ್ನಿ. ಇಳಿದದ್ದು 7 ಕೆಜಿ, ಅಂದರೆ ಸುಮಾರು ಶೇ 11.7. ಎರಡು ವಾರದಿಂದ ಬೇಕಾದದ್ದರ ಅರ್ಧವೂ ತಿನ್ನುತ್ತಿಲ್ಲ. ‘ಗ್ಲಿಮ್’ ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ, 6 ತಿಂಗಳೊಳಗೆ ಶೇ 10ಕ್ಕಿಂತ ಹೆಚ್ಚು ತೂಕ ಇಳಿದು, ಊಟ ಕುಗ್ಗಿದಂಥ ಕಾರಣವೂ ಇದ್ದರೆ ಅದು ತೀವ್ರ. ಈ ಲೆಕ್ಕ ಎಷ್ಟೋ ಸಲ ಆಹಾರತಜ್ಞರ ಟಿಪ್ಪಣಿಯಲ್ಲಿ ಇದ್ದೇ ಇರುತ್ತದೆ. ವೈದ್ಯರ ಡಿಸ್ಚಾರ್ಜ್ ಸಾರಾಂಶಕ್ಕೆ ದಾಟುವುದಿಲ್ಲ. ಎಡವಟ್ಟು ಅಲ್ಲೇ.

ಇನ್ನು, ಕಾಲು ಊದಿಕೊಂಡಿದ್ದರೆ ತಕ್ಕಡಿ ಆ ನೀರನ್ನೂ ತೂಗುತ್ತದೆ. 53 ಎಂದು ಕಂಡರೂ ನಿಜವಾದ ತೂಕ ಇನ್ನೂ ಕಡಿಮೆ. ಆಗ ಊತ ಇರುವುದನ್ನು ಬರೆದು, ತೋಳು, ಕಣತಲೆಗಳ ಸ್ನಾಯು ಎಷ್ಟು ಕರಗಿದೆ ಎಂಬುದನ್ನೂ ದಾಖಲಿಸಬೇಕು.