7 ವಿಷಯದ ಪರೀಕ್ಷೆ, 4 ಸ್ಲಾಟ್: ಒಂದು ಸ್ಲಾಟ್ ಉಳಿಸಬಹುದೇ?

ಪ್ರಶ್ನೆ: «ಗಣಿತ, ಜೀವಶಾಸ್ತ್ರ, ಅರ್ಥಶಾಸ್ತ್ರ, ಸಂಖ್ಯಾಶಾಸ್ತ್ರ, ಭೌತಶಾಸ್ತ್ರ, ಗಣಕ, ರಸಾಯನ. ಪಟ್ಟಿಯಲ್ಲಿದ್ದ ಈ ಕ್ರಮದಲ್ಲೇ ಒಂದೊಂದು ವಿಷಯವನ್ನೂ ಅಡ್ಡಿಯಿಲ್ಲದ ಮೊದಲ ಸ್ಲಾಟಿಗೆ ಹಾಕಿದೆ. 4 ಸ್ಲಾಟ್ ಬೇಕಾಯಿತು. ಮಕ್ಕಳ ಗುಂಪುಗಳು: ಗಣಿತ-ಭೌತ-ರಸಾಯನ, ಭೌತ-ರಸಾಯನ-ಜೀವ, ಗಣಿತ-ಭೌತ-ಗಣಕ, ಗಣಿತ-ಗಣಕ-ಸಂಖ್ಯಾ, ಅರ್ಥ-ಸಂಖ್ಯಾ, ಅರ್ಥ-ಜೀವ. 3ರಲ್ಲಿ ಮುಗಿಯುವುದಿಲ್ಲವೇ?»

ಮುಗಿಯುತ್ತದೆ ಸರ್. ನಿಮ್ಮ ವಿಧಾನದಲ್ಲಿ ತಪ್ಪಿಲ್ಲ, ಎಡವಟ್ಟಾಗಿದ್ದು ಕ್ರಮದಲ್ಲಿ. ಅರ್ಥಶಾಸ್ತ್ರ ಬೇಗ ಬಂದು 2ನೇ ಸ್ಲಾಟಿನಲ್ಲಿ ಕೂತಿತು. ಅದರಿಂದ ಸಂಖ್ಯಾಶಾಸ್ತ್ರ 3ಕ್ಕೆ ಹೋಯಿತು. ಆಮೇಲೆ ಗಣಕದ ಸರದಿ ಬಂದಾಗ 1ರಲ್ಲಿ ಗಣಿತ, 2ರಲ್ಲಿ ಭೌತ, 3ರಲ್ಲಿ ಸಂಖ್ಯಾ ಕೂತಿದ್ದವು, ಆ ಮೂರರಲ್ಲೂ ಗಣಕದ ಮಕ್ಕಳಿದ್ದಾರೆ. ಹಾಗಾಗಿ 4ನೆಯದು ತೆರೆಯಬೇಕಾಯಿತು. ಒಬ್ಬನೇ ವಿದ್ಯಾರ್ಥಿ ಬರೆಯುವ ಎರಡು ವಿಷಯಗಳ ನಡುವೆ ಒಂದು ಗೆರೆ ಎಳೆಯಿರಿ, ಹಾಗೆ ಗೆರೆ ಸೇರಿಸಿದವು ನೆರೆಯ ವಿಷಯಗಳು. ಎರಡೇ ಗೆರೆ ಇರುವ ಹಗುರ ವಿಷಯ ಮೊದಲು ಜಾಗ ಹಿಡಿದು, ಬಿಗಿಯಾದ ವಿಷಯಕ್ಕೆ ಜಾಗ ಇಲ್ಲದಂತೆ ಮಾಡಿತು.

ಮೇಲೆ ಒಬ್ಬರು «ಒಬ್ಬ ವಿದ್ಯಾರ್ಥಿಗೆ ಗರಿಷ್ಠ 3 ವಿಷಯ ಅಂದರೆ 3 ಸ್ಲಾಟ್ ಸಾಕೇ ಸಾಕು» ಎಂದಿದ್ದಾರೆ. ಅದು ಅರ್ಧ ಸರಿ. 3ಕ್ಕಿಂತ ಕಡಿಮೆ ಆಗದು ಎನ್ನುವುದು ನಿಜ, ಆದರೆ ಸಾಕಾಗುತ್ತದೆ ಎಂಬ ಖಾತರಿ ಅದರಲ್ಲಿಲ್ಲ. ಮೂರು ವಿಷಯ ಇವೆ, ಒಬ್ಬಳು ಮೊದಲೆರಡನ್ನು, ಇನ್ನೊಬ್ಬ ಕೊನೆಯೆರಡನ್ನು, ಮತ್ತೊಬ್ಬ ಮೊದಲನೆಯದನ್ನೂ ಕೊನೆಯದನ್ನೂ ತೆಗೆದುಕೊಂಡಿದ್ದಾನೆ ಎಂದುಕೊಳ್ಳಿ. ಯಾರಿಗೂ ಎರಡಕ್ಕಿಂತ ಹೆಚ್ಚು ವಿಷಯವಿಲ್ಲ, ಆದರೂ 3 ಸ್ಲಾಟ್ ಬೇಕೇ ಬೇಕು. ವಾರದ ಪಾಠದ ವೇಳಾಪಟ್ಟಿ ಬಗ್ಗೆ ಬರೆದ ಮೇಡಂ, ನಿಮ್ಮಲ್ಲಿ ಶಿಕ್ಷಕರೂ ಕೊಠಡಿಯೂ ಡಿಕ್ಕಿ ಹೊಡೆಯುತ್ತವೆ, ಅದು ಬೇರೆ ಲೆಕ್ಕ. ಇಲ್ಲಿ ಡಿಕ್ಕಿ ಆಗುವುದು ಎರಡು ವಿಷಯಕ್ಕೂ ಒಬ್ಬನೇ ವಿದ್ಯಾರ್ಥಿ ಇದ್ದಾಗ ಮಾತ್ರ.

ಈಗ ಕ್ರಮ ಬದಲಿಸೋಣ. ಒಂದೊಂದು ಸ್ಲಾಟನ್ನೂ ಒಂದೊಂದು ಬಣ್ಣ ಎಂದುಕೊಳ್ಳಿ. ಪ್ರತಿ ಸಲವೂ ಯಾವ ವಿಷಯದ ನೆರೆಯಲ್ಲಿ ಈಗಾಗಲೇ ಅತಿ ಹೆಚ್ಚು ಬೇರೆ ಬೇರೆ ಬಣ್ಣಗಳು ಬಂದಿವೆಯೋ ಅದನ್ನೇ ಮೊದಲು ಎತ್ತಿಕೊಳ್ಳಿ. ಸಮ ಬಂದರೆ, ಇನ್ನೂ ಬಣ್ಣ ಹಚ್ಚದ ನೆರೆಯವರು ಹೆಚ್ಚಿರುವುದನ್ನು ನೋಡಿ. 1979ರಲ್ಲಿ ಬ್ರೆಲಾಜ್ ಕೊಟ್ಟ ಡಿಸ್ಯಾಟರ್ ವಿಧಾನ ಇದೇ.

ಗಣಿತಕ್ಕೂ ಭೌತಕ್ಕೂ ನಾಲ್ಕು ಗೆರೆ, ಯಾವುದರಿಂದ ಶುರುಮಾಡಿದರೂ ಸರಿ. ಗಣಿತ 1, ಭೌತ 2. ಈಗ ರಸಾಯನ ಮತ್ತು ಗಣಕ ಎರಡೂ 1 ಮತ್ತು 2ನ್ನು ನೋಡುತ್ತಿವೆ, ಎರಡಕ್ಕೂ 3. ಸಂಖ್ಯಾಶಾಸ್ತ್ರದ ನೆರೆಯಲ್ಲಿ 1 ಮತ್ತು 3 ಇವೆ, ಅದಕ್ಕೆ 2. ಜೀವಶಾಸ್ತ್ರ ಭೌತ-ರಸಾಯನಗಳ ಪಕ್ಕದ್ದು, ಅದಕ್ಕೆ 1. ಕೊನೆಗೆ ಅರ್ಥಶಾಸ್ತ್ರಕ್ಕೆ 3. ಗಣಿತ-ಭೌತ-ರಸಾಯನ ಒಂದಕ್ಕೊಂದು ತಾಗಿರುವುದರಿಂದ 3ಕ್ಕಿಂತ ಕೆಳಗೆ ಇಳಿಯಲಾಗದು, ಹಾಗಾಗಿ ಇನ್ನು ಹುಡುಕಬೇಕಿಲ್ಲ. ಆದರೆ ವಿಷಯಗಳು ನೂರಾದರೆ ಈ ಕ್ರಮವೂ ಕೆಲವೊಮ್ಮೆ ಒಂದೆರಡು ಬಣ್ಣ ಹೆಚ್ಚು ಬಳಸಬಹುದು.

ಗೆರೆಗಳನ್ನು ಗುಂಪಿನ ಹೆಸರು ನೋಡಿ ಎಳೆಯಬೇಡಿ, ಹಾಜರಿ ಪಟ್ಟಿಯಿಂದ ಎಣಿಸಿ. ಸ್ಪ್ರೆಡ್‌ಶೀಟಿನಲ್ಲಿ ಒಂದು ಸಾಲಿಗೆ ಒಬ್ಬ ವಿದ್ಯಾರ್ಥಿ, ಒಂದು ಕಾಲಮ್ಮಿಗೆ ಒಂದು ವಿಷಯ, ತೆಗೆದುಕೊಂಡಿದ್ದರೆ 1. ಪ್ರತಿ ಜೋಡಿಗೂ ಹೀಗೆ:

```
=SUMPRODUCT($B$2:$B$400,$C$2:$C$400)
```

ಉತ್ತರ 0 ಬಂದರೆ ಗೆರೆ ಇಲ್ಲ. ಇಲ್ಲೇ ಬಹಳಷ್ಟು ಜನ ಮೋಸ ಹೋಗುವುದು: 1 ಎಂಬುದು ಅಕ್ಷರವಾಗಿ ಸೇರಿಕೊಂಡಿದ್ದರೆ ಸೂತ್ರ ಅದನ್ನು ಸದ್ದಿಲ್ಲದೆ ಸೊನ್ನೆ ಎಂದುಕೊಳ್ಳುತ್ತದೆ, ಇರುವ ಗೆರೆ ಕಾಣೆಯಾಗುತ್ತದೆ. ಪರೀಕ್ಷಿಸಲು ಒಂದು ಕಾಲಮ್ಮನ್ನು ಅದರೊಂದಿಗೇ ಗುಣಿಸಿ ನೋಡಿ. ಆ ವಿಷಯದ ಒಟ್ಟು ಮಕ್ಕಳ ಸಂಖ್ಯೆ ಬರಬೇಕು.

ಎಣಿಕೆಯಲ್ಲಿ 1 ಅಥವಾ 2 ಎಂದು ಬರುವ ಜೋಡಿಗಳನ್ನು ಬೇರೆಯಾಗಿ ಬರೆದಿಡಿ. ಅವು ಸಾಮಾನ್ಯವಾಗಿ ಹಿಂದಿನ ವರ್ಷದ ವಿಷಯ ಉಳಿಸಿಕೊಂಡವರದ್ದು. ನಿಮ್ಮಲ್ಲಿ ರಸಾಯನ ಮತ್ತು ಗಣಕ ಎರಡನ್ನೂ ಬರೆಯುವ ಒಬ್ಬನಿದ್ದರೂ ಸಾಕು, ಗಣಿತ, ಭೌತ, ರಸಾಯನ, ಗಣಕ ನಾಲ್ಕೂ ಒಂದಕ್ಕೊಂದು ತಾಗಿ 4 ಸ್ಲಾಟ್ ಅನಿವಾರ್ಯವಾಗುತ್ತದೆ. ಆ ಒಬ್ಬನಿಗೆ ಪ್ರತ್ಯೇಕವಾಗಿ ಪರೀಕ್ಷೆ ನಡೆಸುವುದೋ, ಎಲ್ಲರಿಗೂ ಒಂದು ಸ್ಲಾಟ್ ಹೆಚ್ಚಿಸುವುದೋ? ಕೆಳಗೆ ಈಗಾಗಲೇ ಇದೇ ವಾದ ನಡೆದಿದೆ. ನನ್ನ ಒಲವು ಹೆಚ್ಚುವರಿ ಸ್ಲಾಟಿನ ಕಡೆಗೆ, ಪ್ರತ್ಯೇಕ ಪರೀಕ್ಷೆ ಎಂದರೆ ಇನ್ನೊಂದು ಪ್ರಶ್ನೆಪತ್ರಿಕೆ ಬೇಕು. ಒಪ್ಪದವರ ಮಾತಿನಲ್ಲೂ ಹುರುಳಿದೆ.

ಒಂದು ವಿಷಯ ಮಾತ್ರ ನೀವೇ ನೋಡಬೇಕು. 3ನೇ ಸ್ಲಾಟಿನಲ್ಲಿ ರಸಾಯನ, ಗಣಕ, ಅರ್ಥಶಾಸ್ತ್ರ ಮೂರೂ ಒಟ್ಟಿಗೆ ಬರುತ್ತವೆ. ಅವರೆಲ್ಲರಿಗೂ ಆಸನ ಸಾಲದಿದ್ದರೆ 3 ಸ್ಲಾಟಿನೊಳಗೆ ಬೇರೆ ದಾರಿಯಿಲ್ಲ. ಬಣ್ಣಗಳ ಹೆಸರು ಅದಲುಬದಲಾಗಬಹುದೇ ಹೊರತು ಯಾವ ವಿಷಯವನ್ನೂ ಬೇರೆ ಗುಂಪಿಗೆ ಸರಿಸಲಾಗದು, ಪ್ರತಿಯೊಂದರ ನೆರೆಯಲ್ಲೂ ಉಳಿದೆರಡು ಬಣ್ಣ ಇವೆ. ಆಗ ಅರ್ಥಶಾಸ್ತ್ರವನ್ನು 4ಕ್ಕೆ ಕಳಿಸಿ. ಮೂರರ ಮಕ್ಕಳ ಸಂಖ್ಯೆಯನ್ನೂ ಆಸನಗಳ ಸಂಖ್ಯೆಯನ್ನೂ ಇಲ್ಲಿ ಹಾಕಿ.