ಆತ್ಮಕಾರಕ ಶನಿಯೋ ರಾಹುವೋ? ಒಂದು ಜಾತಕ ಮುಂದಿಟ್ಟುಕೊಂಡು

ಪ್ರಶ್ನೆ: ನನ್ನ ಮಗನ ಆತ್ಮಕಾರಕ ಒಂದು ಆ್ಯಪ್‌ನಲ್ಲಿ ಶನಿ, ಇನ್ನೊಂದರಲ್ಲಿ ರಾಹು ಅಂತ ಬರುತ್ತಿದೆ. ರಾಹು ಆದರೆ ಹಾವಿನಿಂದ ಕಂಟಕ ಅಂತ ಯಾರೋ ಹೆದರಿಸಿದ್ದಾರೆ, ಅವನು ದಿನವೂ ತೋಟದಲ್ಲೇ ಓಡಾಡುವವನು. ಮನೆಯಲ್ಲೇ ಹುಟ್ಟಿದ್ದರಿಂದ ಸಮಯವೂ ಅಂದಾಜಿನದು. ಯಾವುದನ್ನು ನಂಬಬೇಕು? ಅವನಿಗೆ ತೋಟ ಒಳ್ಳೆಯದೋ ಹೊರಗಿನ ಕೆಲಸವೋ? ಗ್ರಹಸ್ಫುಟ ಕಳಿಸಿದ್ದೇನೆ.
— ಓದುಗರೊಬ್ಬರು, ವಿರಾಜಪೇಟೆ ತಾಲ್ಲೂಕು

ಉತ್ತರ: ಎರಡೂ ಆ್ಯಪ್‌ಗಳ ಗಣಿತ ಸರಿಯಾಗಿಯೇ ಇದೆ. ಒಂದು ಏಳು ಗ್ರಹಗಳನ್ನು ಲೆಕ್ಕಕ್ಕೆ ತೆಗೆದುಕೊಂಡಿದೆ, ಇನ್ನೊಂದು ರಾಹುವನ್ನೂ ಸೇರಿಸಿ ಎಂಟನ್ನು. ಜಾತಕದ ಮುಖ್ಯ ಗ್ರಹವಾದ ಆತ್ಮಕಾರಕನನ್ನು ಹೇಳುವ ಜೈಮಿನಿ ಸೂತ್ರವೇ ‘ಸಪ್ತಾನಾಂ ಅಷ್ಟಾನಾಂ ವಾ’ ಎಂದು ಎರಡು ದಾರಿಯನ್ನೂ ತೆರೆದಿಟ್ಟಿದೆ.

ಲೆಕ್ಕ ಸುಲಭ. ಗ್ರಹ ಯಾವ ರಾಶಿಯಲ್ಲಿದೆ ಎಂಬುದನ್ನು ಬಿಟ್ಟು, ಆ ರಾಶಿಯೊಳಗೆ ಎಷ್ಟು ಡಿಗ್ರಿ ನಡೆದಿದೆ ಎಂದಷ್ಟೇ ನೋಡಬೇಕು. ಎಲ್ಲರಿಗಿಂತ ಹೆಚ್ಚು ನಡೆದವನು ಆತ್ಮಕಾರಕ. ಒಂದು ಡಿಗ್ರಿಗೆ 60 ಕಲೆ. ನೀವು ಕಳಿಸಿದ ಪಟ್ಟಿಯಲ್ಲಿ ಶನಿ ಕುಂಭದಲ್ಲಿ 25 ಡಿಗ್ರಿ 6 ಕಲೆ. ಅವನ ಹಿಂದೆ ವೃಶ್ಚಿಕದ ಗುರು 20 ಡಿಗ್ರಿ 15 ಕಲೆ, ತುಲೆಯ ಶುಕ್ರ 19, ಕನ್ಯೆಯ ಬುಧ 15, ಸಿಂಹದ ಚಂದ್ರ 14. ಕುಜ, ರವಿ ಇನ್ನೂ ಹಿಂದೆ. ರಾಹು ತುಲೆಯಲ್ಲಿ 2 ಡಿಗ್ರಿ 28 ಕಲೆಯಲ್ಲಿದ್ದಾನೆ. ಅವನದು ಹಿಮ್ಮುಖ ನಡೆಯಾದ್ದರಿಂದ 30ರಲ್ಲಿ ಕಳೆಯಬೇಕು, ಆಗ 27 ಡಿಗ್ರಿ 32 ಕಲೆ ಬರುತ್ತದೆ. ಹೀಗೆ ಎಂಟರ ಲೆಕ್ಕದಲ್ಲಿ ರಾಹು ಶನಿಯನ್ನು ದಾಟಿಬಿಡುತ್ತಾನೆ. ಈ ಕಳೆಯುವ ಕ್ರಮ ರಾಹುವಿಗೆ ಮಾತ್ರ. ನಿಮ್ಮ ಮಗನ ಶನಿ ವಕ್ರಿಯಾಗಿರುವುದರಿಂದ ಅವನನ್ನೂ 30ರಲ್ಲಿ ಕಳೆಯುವವರು ಸಿಗುತ್ತಾರೆ. ಅದು ತಪ್ಪು.

ನಮ್ಮ ಸಲಹೆ, ಮೊದಲು ಏಳನ್ನೇ ಹಿಡಿಯಿರಿ. ಇಬ್ಬರು ಗ್ರಹರು ಒಂದೇ ಡಿಗ್ರಿ, ಕಲೆಯಲ್ಲಿ ನಿಂತು ಒಂದು ಸ್ಥಾನ ಖಾಲಿ ಉಳಿದಾಗ ರಾಹುವನ್ನು ಕರೆಯುವುದು ಹಳೆಯ ಪದ್ಧತಿಗಳಲ್ಲೊಂದು, ನಮಗೆ ಒಪ್ಪಿಗೆಯಾಗುವುದು ಅದೇ. ಇಲ್ಲಿ ಅಂಥ ಸಮಬಲವಿಲ್ಲ. ಶನಿಗೂ ಗುರುವಿಗೂ ಸುಮಾರು 5 ಡಿಗ್ರಿ ಅಂತರವಿದೆ, ಹಾಗಾಗಿ ಆತ್ಮಕಾರಕ ಶನಿಯೇ.

ಹುಟ್ಟಿದ ಸಮಯದ ಚಿಂತೆಯೂ ಈ ಜಾತಕಕ್ಕೆ ಬೇಡ. ವೇಗವಾಗಿ ಓಡುವವನು ಚಂದ್ರ, ದಿನಕ್ಕೆ ಸುಮಾರು 13 ಡಿಗ್ರಿ, ಗಂಟೆಗೆ ಅರ್ಧ ಡಿಗ್ರಿಯಷ್ಟು. 14ರಲ್ಲಿರುವ ಅವನು ಶನಿಯನ್ನು ಹಿಡಿಯಲು 20 ಗಂಟೆಯಾದರೂ ಬೇಕು. ಸಮಯ ಒಂದೆರಡು ಗಂಟೆ ಆಚೀಚೆಯಾದರೆ ಲಗ್ನ ಬದಲಾದೀತು, ಆತ್ಮಕಾರಕ ಬದಲಾಗುವುದಿಲ್ಲ. ಚಂದ್ರನೇ ಮೊದಲ ಸ್ಥಾನಕ್ಕೆ ಪೈಪೋಟಿಯಲ್ಲಿದ್ದರೆ ಮಾತ್ರ ಅಂದಾಜಿನ ಸಮಯವನ್ನು ನಂಬಬಾರದು.

ಇನ್ನು ಕಾರಕಾಂಶ, ಅಂದರೆ ಆತ್ಮಕಾರಕ ನವಾಂಶದಲ್ಲಿ ನಿಂತ ರಾಶಿ. ರಾಶಿಯ 30 ಡಿಗ್ರಿಯನ್ನು ಒಂಬತ್ತು ಪಾಲು ಮಾಡಿದರೆ ಒಂದು ನವಾಂಶಕ್ಕೆ 3 ಡಿಗ್ರಿ 20 ಕಲೆ. ಶನಿಯ 25 ಡಿಗ್ರಿ 6 ಕಲೆ ಎಂಟನೆಯ ನವಾಂಶಕ್ಕೆ ಬೀಳುತ್ತದೆ. ಕುಂಭದ ನವಾಂಶಗಳು ತುಲೆಯಿಂದ ಶುರುವಾಗುತ್ತವೆ. ತುಲೆಯಿಂದ ಎಂಟು ಎಣಿಸಿದರೆ ವೃಷಭ. ಅದೇ ನಿಮ್ಮ ಮಗನ ಕಾರಕಾಂಶ. ಕಾರಕಾಂಶವನ್ನು ರಾಶಿಕುಂಡಲಿಗೆ ತಂದು ನೋಡುವ ಪದ್ಧತಿಯೂ ಇದೆ. ನಾವಿಲ್ಲಿ ನವಾಂಶ ಕುಂಡಲಿಯಲ್ಲೇ ಓದುತ್ತಿದ್ದೇವೆ. ಎರಡನ್ನೂ ಬೆರೆಸಿದರೆ ಬೇಕಾದ ಫಲವನ್ನೆಲ್ಲ ಹೇಳಿಬಿಡಬಹುದು, ಅದರಿಂದ ಪ್ರಯೋಜನವಿಲ್ಲ.

ಆ ವೃಷಭದಲ್ಲಿ ಶನಿಯ ಜೊತೆ ಬುಧನೂ ಇದ್ದಾನೆ. ಕಾರಕಾಂಶದಲ್ಲಿ ಶನಿಯಿದ್ದರೆ ಸೂತ್ರ ಹೇಳುವುದು ‘ಪ್ರಸಿದ್ಧಕರ್ಮಾಜೀವಃ’ ಎಂದು, ಅಂದರೆ ಹೆಸರಾದ, ಜನಕ್ಕೆ ಗೊತ್ತಿರುವ ಕಸುಬಿನಿಂದ ಜೀವನ. ಬುಧನಿದ್ದರೆ ವರ್ತಕರು, ನೇಕಾರರು, ಶಿಲ್ಪಿಗಳು, ವ್ಯವಹಾರ ಬಲ್ಲವರು. ವೃಷಭಾಂಶಕ್ಕೆ ಸೂತ್ರ ಕೊಡುವ ಸೂಚನೆ ನಾಲ್ಕು ಕಾಲಿನ ಪ್ರಾಣಿಗಳ ಸಂಬಂಧ. ವೃಷಭ ಸ್ಥಿರರಾಶಿ; ಮಕರ, ತುಲೆ ಚರರಾಶಿಗಳು. ಸ್ಥಿರರಾಶಿಯನ್ನು ಪಕ್ಕದ ಚರರಾಶಿ ಬಿಟ್ಟು ಉಳಿದ ಚರರಾಶಿಗಳು ನೋಡುತ್ತವೆ. ಹಾಗಾಗಿ ಮಕರಾಂಶದ ಗುರು, ತುಲಾಂಶದ ರವಿ ಮತ್ತು ರಾಹು ಇಲ್ಲಿಗೆ ದೃಷ್ಟಿ ಇಡುತ್ತಾರೆ.

ಇವನ್ನೆಲ್ಲ ಸೇರಿಸಿ ನೋಡಿದರೆ ನೆಲ ಬಿಟ್ಟು ಹೋಗು ಎನ್ನುವ ಸೂಚನೆ ಎಲ್ಲೂ ಇಲ್ಲ. ಆದರೆ ಬುಧ ಜೊತೆಗಿರುವುದರಿಂದ ಗಿಡದ ನೆರಳು ಬಿಡಿಸುವುದಕ್ಕಿಂತ ಕಾಫಿ, ಕರಿಮೆಣಸಿನ ಮಾರಾಟ, ಲೆಕ್ಕಪತ್ರ, ಕರಾರು ಅವನ ಕೈಗೆ ಹೆಚ್ಚು ಒಗ್ಗುತ್ತದೆ ಎಂದು ಓದಬಹುದು. ರವಿಯ ದೃಷ್ಟಿಯಿಂದ ಸರ್ಕಾರದ ಸಂಪರ್ಕವಿರುವ ಕೆಲಸವನ್ನೂ ತಳ್ಳಿಹಾಕುವಂತಿಲ್ಲ. ಯಾವಾಗ ಎನ್ನುವುದನ್ನು ಕಾರಕಾಂಶ ಹೇಳುವುದಿಲ್ಲ. ಅದಕ್ಕೆ ರಾಶಿಗಳ ಮೇಲೆ ಕಾಲ ಎಣಿಸುವ ಚರದಶೆ ನೋಡಬೇಕು, ಅದಕ್ಕೆ ಲಗ್ನ ಬೇಕು, ಲಗ್ನಕ್ಕೆ ಸರಿಯಾದ ಸಮಯ ಬೇಕು. ನಿಮ್ಮಲ್ಲಿ ಇಲ್ಲದಿರುವುದು ಅದೊಂದೇ.

ಆತ್ಮಕಾರಕನನ್ನು ಬಂಧ ಮೋಕ್ಷಗಳ ಒಡೆಯ ಎನ್ನುತ್ತಾರೆ. ಶನಿ ಆ ಸ್ಥಾನದಲ್ಲಿರುವವರಿಗೆ ತಡವಾಗುವುದು, ಇನ್ನೊಬ್ಬರ ಹೊರೆ ಹೆಗಲಿಗೆ ಬರುವುದು ಪಾಠದ ಹಾಗೆ ಮತ್ತೆ ಮತ್ತೆ ಎದುರಾಗುತ್ತದೆ ಎಂಬುದು ಪರಂಪರೆಯ ಮಾತು. ಹೊಣೆ ಬಿಟ್ಟು ಓಡಿದಾಗ ಕಟ್ಟು ಬಿಗಿಯಾಗುತ್ತದೆ, ಹೊತ್ತಾಗ ಸಡಿಲವಾಗುತ್ತದೆ.

ಕಾರಕಾಂಶದಿಂದ ಹನ್ನೆರಡನೆಯದು ಮೇಷ, ಅಲ್ಲಿ ಕೇತು. ಹನ್ನೆರಡರ ಕೇತುವಿಗೆ ಕೈವಲ್ಯದ ಫಲ ಹೇಳಿದೆ, ಅದರಲ್ಲೂ ಮೇಷ, ಧನುಸ್ಸಿನಲ್ಲಿ ವಿಶೇಷವಾಗಿ. ಇಷ್ಟದೇವತೆಯ ಲೆಕ್ಕದಲ್ಲಿ ಕೇತು ಗಣಪತಿಯನ್ನು, ಸುಬ್ರಹ್ಮಣ್ಯನನ್ನು ಸೂಚಿಸುತ್ತಾನೆ. ಭಾಗಮಂಡಲದಲ್ಲಿ ಇಬ್ಬರಿಗೂ ಗುಡಿಯಿದೆ, ದೂರ ಹೋಗಬೇಕಿಲ್ಲ. ಆದರೆ ಈ ಜಾತಕದ ಅತಿ ಸೂಕ್ಷ್ಮ ಭಾಗವೂ ಇದೇ. ಕೇತು 2 ಡಿಗ್ರಿ 28 ಕಲೆಯಲ್ಲಿದ್ದಾನೆ, 3 ಡಿಗ್ರಿ 20 ಕಲೆ ದಾಟಿದರೆ ಅವನ ನವಾಂಶ ವೃಷಭಕ್ಕೆ ಹೋಗುತ್ತದೆ. ರಾಶಿಚಕ್ರದ ಆರಂಭ ಎಲ್ಲಿಂದ ಎಂದು ತೀರ್ಮಾನಿಸುವ ಅಯನಾಂಶದಲ್ಲಿ ಲಾಹಿರಿ ಬಿಟ್ಟು ರಾಮನ್ ಅಯನಾಂಶ ಹಿಡಿದರೆ ಎಲ್ಲ ಗ್ರಹಗಳೂ ಸುಮಾರು 1 ಡಿಗ್ರಿ 27 ಕಲೆ ಮುಂದೆ ಹೋಗುತ್ತವೆ. ಶನಿ 26 ಡಿಗ್ರಿ 33 ಕಲೆಗೆ ಬಂದು, ಎಂಟನೆಯ ನವಾಂಶ ಮುಗಿಯಲು 7 ಕಲೆ ಇರುವಾಗ ವೃಷಭದಲ್ಲೇ ಉಳಿಯುತ್ತಾನೆ. ಬುಧನೂ ಉಳಿಯುತ್ತಾನೆ. ಕೇತು ಜಾರಿಬಿಡುತ್ತಾನೆ. ಆದ್ದರಿಂದ ಶನಿ, ಬುಧರ ಫಲವನ್ನು ಗಟ್ಟಿಯಾಗಿ ಹಿಡಿಯಿರಿ, ಕೇತುವಿನದನ್ನು ಅಷ್ಟು ಗಟ್ಟಿಯಾಗಿ ಬೇಡ. ಎರಡೂ ಆ್ಯಪ್‌ಗಳ ಸೆಟ್ಟಿಂಗ್‌ನಲ್ಲಿ ಅಯನಾಂಶ ಒಂದೇ ಇದೆಯೇ, ರಾಹುವಿನ ಸ್ಥಾನ ಸರಾಸರಿ ಲೆಕ್ಕದ್ದೋ ಸ್ಪಷ್ಟ ಲೆಕ್ಕದ್ದೋ ಎಂದು ಒಮ್ಮೆ ನೋಡಿ. ಈ ಎರಡು ರಾಹುಗಳ ನಡುವೆ ಕೆಲವೊಮ್ಮೆ ಒಂದೂವರೆ ಡಿಗ್ರಿ ವ್ಯತ್ಯಾಸ ಬರುತ್ತದೆ.

ಇನ್ನು ಹಾವಿನ ಮಾತು. ರಾಹುವನ್ನೇ ಆತ್ಮಕಾರಕ ಎಂದು ಹಿಡಿದರೆ ಕಾರಕಾಂಶ ತುಲೆಯಾಗುತ್ತದೆ, ಅಲ್ಲಿ ರವಿ ರಾಹು ಇಬ್ಬರೂ ಇದ್ದಾರೆ. ಈ ಜೋಡಿಗೆ ಸರ್ಪಭಯ ಹೇಳಿರುವುದು ನಿಜ. ಹೆದರಿಸಿದವರು ಅಲ್ಲಿಗೇ ನಿಲ್ಲಿಸಿದ್ದಾರೆ. ಶುಭಗ್ರಹದ ದೃಷ್ಟಿಯಿದ್ದರೆ ಅದು ನಿವಾರಣೆ ಎಂದು ಸೂತ್ರ ಅದರ ಬೆನ್ನಿಗೇ ಹೇಳುತ್ತದೆ. ಚರರಾಶಿಯಾದ ತುಲೆಯನ್ನು ವೃಷಭ ನೋಡುತ್ತದೆ, ವೃಷಭಾಂಶದಲ್ಲಿ ಬುಧನಿದ್ದಾನೆ. ಅಂದರೆ ಅವರದೇ ಲೆಕ್ಕ ಹಿಡಿದರೂ ಆ ಫಲ ನಿಲ್ಲುವುದಿಲ್ಲ. ಮಳೆಗಾಲದಲ್ಲಿ ತೋಟಕ್ಕಿಳಿಯುವಾಗ ಗಮ್‌ಬೂಟು ಹಾಕಿಕೊಳ್ಳುವುದು ಯಾವ ಜಾತಕದವರಿಗೂ ಬೇಕು. ಅದರಾಚೆಗೆ ಈ ಹೆಸರಿನಲ್ಲಿ ದೊಡ್ಡ ಖರ್ಚಿನ ಶಾಂತಿ ಮಾಡಿಸಬೇಕಿಲ್ಲ.