ಹಲ್ಲು ಕಿತ್ತ ಮೂರನೇ ದಿನ ದವಡೆ ಸಿಡಿಯತೊಡಗಿದರೆ

*ಡಾಕ್ಟ್ರೇ, ಸೋಮವಾರ ಕೆಳಗಿನ ಎಡಗಡೆಯ ದವಡೆ ಹಲ್ಲು ಕೀಳಿಸಿದೆ. ಎರಡು ದಿನ ಆರಾಮ ಇತ್ತು. ಗುರುವಾರ ರಾತ್ರಿಯಿಂದ ದವಡೆ ಸಿಡೀಲಿಕ್ಕತ್ತದ, ನೋವು ಕಿವಿ ತನಕ ಹೊಡೀತದ. ಬಾವು ಇಲ್ಲ, ಜ್ವರ ಇಲ್ಲ, ಬಾಯಿ ವಾಸನೆ ಬರ್ತದ. ಮೆಡಿಕಲ್‌ನವರು ಇನ್‌ಫೆಕ್ಷನ್ ಅಂತ ಆಂಟಿಬಯೋಟಿಕ್ ಕೊಟ್ಟರು. ಎರಡು ದಿನ ನುಂಗಿದೆ, ಏನೂ ಕಮ್ಮಿ ಆಗಿಲ್ಲ. ಇನ್ನೂ ಪವರ್ ಇರೋ ಗುಳಿಗೆ ತಗೋಬೇಕಾ? ಬೀಡಿ ಸೇದ್ತೀನಿ. — ಓದುಗರು, ಸೇಡಂ*

ಬೇಡ. ಇರುವುದನ್ನೂ ನೀವಾಗಿ ಬದಲಾಯಿಸಬೇಡಿ. ನಾಳೆ ಬೆಳಿಗ್ಗೆ ಹಲ್ಲು ಕಿತ್ತ ಡಾಕ್ಟರ ಹತ್ತಿರ ಹೋಗಿ ಕುರ್ಚಿ ಮೇಲೆ ಕೂತು ಬಾಯಿ ತೆರೆಯಿರಿ. ನಿಮ್ಮ ನೋವಿಗೆ ಮದ್ದು ಮೆಡಿಕಲ್ ಅಂಗಡಿಯಲ್ಲಿ ಇಲ್ಲ, ಆ ಕುರ್ಚಿಯಲ್ಲಿದೆ.

ಬಾಯಿ ನೋಡದೆ ಖಾತ್ರಿಯಾಗಿ ಹೇಳಲು ಬರುವುದಿಲ್ಲ. ಆದರೆ ನೀವು ಬರೆದಿದ್ದೆಲ್ಲ ಡ್ರೈ ಸಾಕೆಟ್ ಕಡೆಗೇ ಬೆರಳು ತೋರಿಸುತ್ತದೆ. ಹಲ್ಲು ಕಿತ್ತ ಜಾಗದಲ್ಲಿ ಒಂದು ಕುಳಿ ಉಳಿಯುತ್ತದೆ. ಆ ಕುಳಿಯಲ್ಲಿ ರಕ್ತ ತುಂಬಿ ಹೆಪ್ಪುಗಟ್ಟುತ್ತದೆ. ಮೊಣಕಾಲು ತರಚಿದಾಗ ಮೇಲೆ ಹಕ್ಕಳೆ ಕಟ್ಟುತ್ತದಲ್ಲ, ಆ ಹೆಪ್ಪಿನ ಕೆಲಸವೂ ಅದೇ. ಅದರ ಕೆಳಗೆ ಹೊಸ ಮಾಂಸ ಬೆಳೆಯುತ್ತದೆ, ಮೂಳೆ ಬಾಯಿಯ ಗಾಳಿಗೆ, ಎಂಜಲಿಗೆ, ಅನ್ನದ ಅಗುಳಿಗೆ ತಾಗದೆ ಉಳಿಯುತ್ತದೆ. ಕೆಲವರಲ್ಲಿ ಈ ಹೆಪ್ಪು ಎರಡು ಮೂರು ದಿನದಲ್ಲಿ ಕರಗಿ ಹೋಗುತ್ತದೆ, ಇಲ್ಲವೇ ಕಿತ್ತು ಬರುತ್ತದೆ. ಆಗ ಮೂಳೆ ಬರಿದಾಗಿ ಕೂರುತ್ತದೆ. ಉರಿಯೂತಕ್ಕೆ ಸಿಕ್ಕ ಆ ಬರಿ ಮೂಳೆಯ ನೋವೇ ನಿಮ್ಮನ್ನು ರಾತ್ರಿ ಮಲಗಲು ಬಿಡುತ್ತಿಲ್ಲ.

ಕಿವಿಗೆ ಹೊಡೆಯುವುದೂ ಇದಕ್ಕೇ. ಕೆಳದವಡೆಯ ನರವೂ ಕಿವಿಯ ಮುಂಭಾಗದ, ಕಪಾಲದ ನರವೂ ಒಂದೇ ದೊಡ್ಡ ನರದ ಕವಲುಗಳು. ಹಾಗಾಗಿ ನೋವು ಎಲ್ಲಿ ಹುಟ್ಟಿತು ಅಂತ ಮೆದುಳಿಗೆ ಸರಿಯಾಗಿ ಗೊತ್ತಾಗುವುದಿಲ್ಲ. ಕಿವಿಗೆ ಎಣ್ಣೆ ಬಿಟ್ಟುಕೊಂಡು ಬರುವವರನ್ನು ಆಗಾಗ ನೋಡುತ್ತೇನೆ. ದಯವಿಟ್ಟು ಬಿಡಬೇಡಿ.

ಈಗ ಆಂಟಿಬಯೋಟಿಕ್ ಯಾಕೆ ಕೆಲಸ ಮಾಡಲಿಲ್ಲ ಅನ್ನುವ ಮಾತು. ಇದನ್ನು ಹೇಳಿ ಹೇಳಿ ನನಗೆ ಸಾಕಾಗಿದೆ, ಆದರೂ ಇನ್ನೊಮ್ಮೆ ಹೇಳುತ್ತೇನೆ. ಡ್ರೈ ಸಾಕೆಟ್‌ನಲ್ಲಿ ಕೀವು ತುಂಬಿರುವುದಿಲ್ಲ, ಸೋಂಕು ಮಾಂಸದೊಳಗೆ ಹರಡಿರುವುದಿಲ್ಲ. ಇರುವುದು ಖಾಲಿ ಕುಳಿ, ಬರಿ ಮೂಳೆ, ಅದರಲ್ಲಿ ಕೊಳೆಯುತ್ತಿರುವ ಎಂಜಲು ಮತ್ತು ಊಟದ ಚೂರು. ವಾಸನೆ ಬರುವುದು ಅದರಿಂದ. ಗುಳಿಗೆ ನುಂಗಿದರೆ ಕುಳಿ ತೊಳೆದಂತೆ ಆಗುವುದಿಲ್ಲ, ಮೂಳೆಗೆ ಹೊದಿಕೆಯೂ ಬರುವುದಿಲ್ಲ. ಒಂದು ಪಟ್ಟಿ ಮುಗಿಸಿ, ಇನ್ನೊಂದು ಶುರು ಮಾಡಿ, ಹೊಟ್ಟೆ ಕೆಡಿಸಿಕೊಂಡು, ನೋವು ಹಾಗೇ ಇಟ್ಟುಕೊಂಡು ಬರುತ್ತಾರೆ. ಪ್ರಿಸ್ಕ್ರಿಪ್ಷನ್ ಇಲ್ಲದೆ ಬಾಯಿ ಕೂಡ ನೋಡದೆ ಆಂಟಿಬಯೋಟಿಕ್ ಕೊಡುವ ಅಂಗಡಿಯವರು ಮಾಡುತ್ತಿರುವುದು ತಪ್ಪು. ಮುಂದೆ ನಿಜವಾದ ಸೋಂಕು ಬಂದಾಗ ಅದೇ ಗುಳಿಗೆ ನಾಟದೆ ಹೋಗಬಹುದು.

ನಿಮ್ಮ ಡಾಕ್ಟರು ಮಾಡುವ ಕೆಲಸ ದೊಡ್ಡದೇನಲ್ಲ. ಬೇರಿನ ಚೂರು ಉಳಿದಿದೆ ಅನ್ನಿಸಿದರೆ ಒಂದು ಸಣ್ಣ ಎಕ್ಸ್‌ರೇ ತೆಗೆಯುತ್ತಾರೆ. ಬೆಚ್ಚಗಿನ ಸಲೈನ್‌ನಿಂದ ಕುಳಿಯನ್ನು ಮೆಲ್ಲಗೆ ತೊಳೆಯುತ್ತಾರೆ. ಆಮೇಲೆ ಲವಂಗದ ಎಣ್ಣೆಯ ಸಾರವಾದ ಯೂಜಿನಾಲ್ ಇರುವ ಔಷಧ ಹಚ್ಚಿದ ಗಾಜ್ ಪಟ್ಟಿಯನ್ನೋ ಪೇಸ್ಟನ್ನೋ ಕುಳಿಯಲ್ಲಿ ಸಡಿಲವಾಗಿ ಇಡುತ್ತಾರೆ. ಸಾಮಾನ್ಯವಾಗಿ ಅರ್ಧ ಗಂಟೆ, ಒಂದು ಗಂಟೆಯಲ್ಲಿ ನೋವು ಇಳಿಯುತ್ತದೆ. ಎಷ್ಟೋ ಜನ ಅಲ್ಲೇ ಬೆಂಚಿನ ಮೇಲೆ ಕೂತು ಕಣ್ಣು ಮುಚ್ಚುತ್ತಾರೆ. ನಿದ್ದೆ ಕೆಟ್ಟಿರುತ್ತದೆ ಪಾಪ.

ಆದರೆ ಒಂದು ಸಲಕ್ಕೆ ಮುಗಿಯಿತು ಅಂತ ತಿಳಿಯಬೇಡಿ. ಔಷಧದ ಬಲ ಒಂದೆರಡು ದಿನದಲ್ಲಿ ಇಳಿಯುತ್ತದೆ. ಆಗ ನೋವು ಮತ್ತೆ ಬರಬಹುದು, ಪಟ್ಟಿ ಬದಲಾಯಿಸಬೇಕು. ಎರಡು ಮೂರು ಸಲ ಓಡಾಡುವುದು ಮಾಮೂಲು. ಗಾಜ್ ಪಟ್ಟಿ ತಾನಾಗಿ ಕರಗುವುದಿಲ್ಲ. ನೋವು ಹೋಯಿತಲ್ಲ ಅಂತ ಸುಮ್ನೆ ಊರಲ್ಲಿ ಉಳಿದರೆ ಅದೇ ಬಟ್ಟೆ ಕುಳಿಯಲ್ಲಿ ಕೊಳೆತು ಹೊಸ ತೊಂದರೆ ತರುತ್ತದೆ. ತೆಗೆಸಿಕೊಳ್ಳುವ ದಿನ ಬರೆಸಿಕೊಂಡೇ ಹೊರಡಿ. ನೋವು ಪೂರ್ತಿ ಹೋಗಲು ಸುಮಾರು ವಾರ, ಹತ್ತು ದಿನ ಬೇಕು. ಮಾಂಸ ಅಂಚಿನಿಂದ ಬೆಳೆದು ಮೂಳೆ ಮುಚ್ಚುವ ತನಕ ಕಾಯಲೇಬೇಕು. ಕುಳಿಯನ್ನು ಜೋರಾಗಿ ಕೆರೆದು ಹೊಸದಾಗಿ ರಕ್ತ ಬರಿಸುತ್ತೇವೆ ಅನ್ನುವವರಿಗೆ ಬೇಡ ಅನ್ನಿ. ಅದರಿಂದ ನೋವು ಜಾಸ್ತಿಯಾಗುತ್ತದೆಯೇ ಹೊರತು ಬೇಗ ಮಾಯುವುದಿಲ್ಲ.

ಇವತ್ತು ರಾತ್ರಿ ಕಳೆಯಲು, ಬೇರೆ ಕಾಯಿಲೆ ಇಲ್ಲದಿದ್ದರೆ, ಊಟದ ಮೇಲೆ ಐಬುಪ್ರೊಫೆನ್ 400 ಮಿಲಿಗ್ರಾಂ ಮತ್ತು ಪ್ಯಾರಾಸಿಟಮಾಲ್ 500 ಮಿಲಿಗ್ರಾಂ ಒಟ್ಟಿಗೆ ತೆಗೆದುಕೊಳ್ಳಬಹುದು. ಬೇಕಾದರೆ ಎಂಟು ಗಂಟೆ ಬಿಟ್ಟು ಮತ್ತೆ. ಅಂಗಡಿಯವರು ಕೊಟ್ಟಿರುವ ಕಾಂಬಿನೇಷನ್ ಗುಳಿಗೆಯಲ್ಲಿ ಇವೇ ಇರಬಹುದು, ಎರಡು ಸಲ ನುಂಗಬೇಡಿ, ಪಟ್ಟಿಯ ಮೇಲಿನ ಹೆಸರು ಓದಿಸಿ. ಹೊಟ್ಟೆ ಹುಣ್ಣು, ಕಿಡ್ನಿ ತೊಂದರೆ, ಹೃದಯದ ಕಾಯಿಲೆ, ಅಸ್ತಮಾ ಇರುವವರು, ರಕ್ತ ತೆಳುವಾಗುವ ಗುಳಿಗೆ ನುಂಗುವವರು, ಗರ್ಭಿಣಿಯರು ಐಬುಪ್ರೊಫೆನ್ ಮುಟ್ಟಬೇಡಿ, ಡಾಕ್ಟರನ್ನು ಕೇಳಿ. ನಮ್ಮ ಕಡೆಯ ಬೇಸಿಗೆಯಲ್ಲಿ ಹೊಲದಲ್ಲಿ ದುಡಿದು ನೀರು ಕಡಿಮೆ ಕುಡಿಯುವವರಿಗೂ ಇದು ಕಿಡ್ನಿಗೆ ಭಾರ. ಈ ವಿಷಯದಲ್ಲಿ ನಾನು ಸ್ವಲ್ಪ ಹೆದರುವವನೇ. ಒಂದು ಲೋಟ ಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ, ಬಾಯಲ್ಲಿ ತುಂಬಿಕೊಂಡು ತಲೆ ಮೆಲ್ಲಗೆ ಆಚೆ ಈಚೆ ವಾಲಿಸಿ, ನೀರು ತಾನಾಗಿ ಬೀಳುವಂತೆ ಬಿಡಿ. ಗಳಗಳ ಮುಕ್ಕಳಿಸಬೇಡಿ. ಲವಂಗದ ಎಣ್ಣೆಯನ್ನು ಅಂಗಡಿ ಬಾಟಲಿಯಿಂದ ಹತ್ತಿಯಲ್ಲಿ ಅದ್ದಿ ತುರುಕಬೇಡಿ, ಸುತ್ತಲಿನ ಒಸಡು ಸುಡುತ್ತದೆ. ತಂಬಾಕಿನ ಪುಡಿ, ಮಿಶ್ರಿ, ಸೀಮೆಎಣ್ಣೆ ಇವನ್ನು ಗಾಯಕ್ಕೆ ಒತ್ತಿಕೊಂಡು ಬರುವವರೂ ಇದ್ದಾರೆ. ಆ ಗಾಯ ತೊಳೆಯುವಾಗ ನಮಗೇ ಸಂಕಟವಾಗುತ್ತದೆ.

ಬೀಡಿ ಬಗ್ಗೆ ಮುಚ್ಚಿಡದೆ ಬರೆದಿದ್ದೀರಿ, ಒಳ್ಳೆಯದಾಯಿತು. ಬೀಡಿ ಎಳೆಯುವಾಗ ಬಾಯೊಳಗೆ ಹುಟ್ಟುವ ಎಳೆತ ಹೆಪ್ಪನ್ನು ಸಡಿಲಿಸುತ್ತದೆ, ಹೊಗೆ ಒಸಡಿಗೆ ಬರುವ ರಕ್ತ ಕಡಿಮೆ ಮಾಡುತ್ತದೆ. ಗುಟ್ಕಾ ಹಾಕಿ ಪದೇ ಪದೇ ಉಗಿಯುವವರ ಹೆಪ್ಪಿಗೂ ಅದೇ ಗತಿ. ಹಲ್ಲು ಕಿತ್ತ ಮೇಲೆ ಕನಿಷ್ಠ ಮೂರು ದಿನ ಬೇಡ ಅನ್ನುತ್ತೇವೆ. ನನ್ನನ್ನು ಕೇಳಿದರೆ ಒಂದು ವಾರ. ನಿಮಗೆ ಈಗ ಮೂಳೆ ಮುಚ್ಚುವ ತನಕ.

ಇನ್ನು ಇದು ಡ್ರೈ ಸಾಕೆಟ್ಟೋ ಸೋಂಕೋ ಅಂತ ಮನೆಯಲ್ಲಿ ತಿಳಿಯುವ ಬಗೆ. ಬರೀ ನೋವು ಎಷ್ಟಿದೆ ಅಂತ ನೋಡಿದರೆ ಮೋಸ ಹೋಗುತ್ತೀರಿ. ಡ್ರೈ ಸಾಕೆಟ್ ನೋವು ಭಯಂಕರ, ಜೀವಕ್ಕೆ ಅಪಾಯ ಇಲ್ಲ. ಸೋಂಕಿನ ನೋವು ಒಮ್ಮೊಮ್ಮೆ ತಡೆಯುವಷ್ಟೇ ಇರುತ್ತದೆ, ಅಪಾಯ ಮಾತ್ರ ಜಾಸ್ತಿ. ನೋಡಬೇಕಾದ್ದು ಬಾವು, ಜ್ವರ ಮತ್ತು ಬಾಯಿ ಎಷ್ಟು ತೆರೆಯುತ್ತದೆ ಅನ್ನುವುದು. ಕಷ್ಟಪಟ್ಟು ಕಿತ್ತ ಹಲ್ಲಿಗೆ ಎರಡು ಮೂರು ದಿನ ಕೆನ್ನೆ ಊದುವುದು ಸಹಜ, ಆಮೇಲೆ ಇಳಿಯಬೇಕು. ಇಳಿಯುವ ಬದಲು ಮೂರನೇ ದಿನದ ನಂತರ ಏರಿದರೆ, ಅಥವಾ ಇಳಿದದ್ದು ಮತ್ತೆ ಊದಿದರೆ ಸೋಂಕು ಅಂತ ಅನುಮಾನ ಪಡಿ. ಮೂರು ಬೆರಳು ಒಂದರ ಮೇಲೊಂದು ನಿಲ್ಲಿಸಿ ಹಲ್ಲಿನ ನಡುವೆ ಹಿಡಿಸುತ್ತವೆಯೇ ನೋಡಿ. ದಿನದಿಂದ ದಿನಕ್ಕೆ ಬಾಯಿ ಬಿಗಿಯುತ್ತಾ ಎರಡು ಬೆರಳೂ ಹಿಡಿಸದಂತಾದರೆ ಕಾಯಬೇಡಿ. ಕುಳಿಯಲ್ಲಿ ತೆಳುವಾಗಿ ಬಿಳಿ-ಹಳದಿ ಮೆತ್ತನೆ ಪದರ ಕಂಡರೆ ಕೀವು ಅಂತ ಗಾಬರಿ ಆಗಬೇಡಿ, ಅದು ಮಾಯುತ್ತಿರುವ ಗಾಯದ ಬಣ್ಣ. ಕಡ್ಡಿ, ಪಿನ್ನು ಹಾಕಿ ಅದನ್ನು ಕೆರೆಯುವುದು ಮಾತ್ರ ಬೇಡ. ಒತ್ತಿದರೆ ಹರಿದು ಬರುವ, ಉಪ್ಪುಪ್ಪು ಕೆಟ್ಟ ರುಚಿಯ ದ್ರವ ಕೀವು.

ಚಿತ್ತಾಪುರ ಕಡೆಯ ಒಬ್ಬ ತಾಯಿ ಬಂದಿದ್ದರು. ಸಕ್ಕರೆ ಕಾಯಿಲೆ ಇತ್ತು, ಗುಳಿಗೆ ಬಿಟ್ಟಿದ್ದರು. ಹಲ್ಲು ಕೀಳಿಸಿದ ಐದನೇ ದಿನ ದವಡೆ ಕೆಳಗೆ ಗಟ್ಟಿ ಬಾವು, ಮೈ ನಡುಕ. ಮನೆಯವರು ಇಟ್ಟಿಗೆ ಕಾಯಿಸಿ ಬಟ್ಟೆಯಲ್ಲಿ ಸುತ್ತಿ ಶಾಖ ಕೊಟ್ಟಿದ್ದರು. ನೋವು ತಡೆಯುವಂತಿದೆ ಅಂತಲೇ ತಡ ಮಾಡಿದ್ದರು. ಅವರಿಗೆ ಬೇಕಾಗಿದ್ದು ಲವಂಗದ ಪಟ್ಟಿ ಅಲ್ಲ. ಕೊಯ್ದು ಕೀವು ಹೊರಗೆ ಬಿಡಬೇಕಿತ್ತು, ಆಂಟಿಬಯೋಟಿಕ್ ಬೇಕಿತ್ತು, ಸಕ್ಕರೆ ಹತೋಟಿಗೆ ಬರಬೇಕಿತ್ತು. ಅದೇ ದಿನ ದಾಖಲು ಮಾಡಿಸಿದೆವು, ಗುಣವಾದರು. ಕೀವು ತುಂಬಿದ ಬಾವಿಗೆ ಶಾಖ ಕೊಡಬೇಡಿ. ನಾಲಿಗೆ ಕೆಳಗೆ ಊದಿ ನಾಲಿಗೆ ಮೇಲೆದ್ದರೆ, ಎಂಜಲು ನುಂಗಲಾಗದೆ ಸುರಿದರೆ, ದನಿ ಬದಲಾದರೆ, ಉಸಿರು ಕಟ್ಟಿದಂತಾದರೆ ಹಲ್ಲಿನ ಕ್ಲಿನಿಕ್ ತೆರೆಯಲಿ ಅಂತ ಬೆಳಗಿನ ತನಕ ಕೂರಬೇಡಿ. ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಯಿಮ್ಸ್, ಯಾವ ಸರ್ಕಾರಿ ಆಸ್ಪತ್ರೆ ಹತ್ತಿರವೋ ಅಲ್ಲಿಗೆ ಆ ರಾತ್ರಿಯೇ ಹೋಗಿ. ಬಾವು ಗಂಟಲಿಗೆ ಇಳಿದರೆ ಉಸಿರಿನ ದಾರಿ ಮುಚ್ಚುತ್ತದೆ.

*ಹಲ್ಲು ಕೀಳಿಸಿದ ಮೇಲೆ ಮೊಸರನ್ನ ತಿಂದರೆ ಕೀವು ಆಗ್ತದಂತೆ, ಹೌದಾ? — ಓದುಗರು, ಭಾಲ್ಕಿ*

ಇಲ್ಲ. ತಣ್ಣಗಿನ ಮೊಸರನ್ನ ಮೊದಲ ದಿನಕ್ಕೆ ಬಹಳ ಒಳ್ಳೆಯ ಊಟ, ಕಟಕ್ ಜೋಳದ ರೊಟ್ಟಿ ಮತ್ತು ಶೇಂಗಾ ಹಿಂಡಿ ವಾರ ಬಿಟ್ಟು ತಿನ್ನಿ.

*ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಮಂಜಾಗ್ತದಂತಾರೆ. — ಓದುಗರು, ಶಹಾಪುರ*

ಆಗುವುದಿಲ್ಲ. ಹಲ್ಲಿನ ನರ ಬೇರೆ, ನೋಟದ ನರ ಬೇರೆ.

*ಸಂತೆಯಲ್ಲಿ ಒಬ್ಬರು ಹಲ್ಲಿನಿಂದ ಹುಳ ತೆಗೆದು ತೋರಿಸಿದರು. ಅವರ ಹತ್ತಿರವೇ ಹಲ್ಲು ಕೀಳಿಸಲಾ? ಕಮ್ಮಿ ರೊಕ್ಕ ಕೇಳ್ತಾರೆ. — ಓದುಗರು, ಆಳಂದ*

ಹಲ್ಲಿನಲ್ಲಿ ಅಂಥ ಹುಳ ಇರುವುದಿಲ್ಲ, ಅದು ಅವರ ಕೈಯಿಂದ ಬಂದದ್ದು. ನೋಂದಣಿ ಇಲ್ಲದೆ ಹಲ್ಲಿನ ಚಿಕಿತ್ಸೆ ಮಾಡುವುದು ಕಾನೂನಿನ ಪ್ರಕಾರ ಅಪರಾಧ. ರೊಕ್ಕದ ಚಿಂತೆ ಇದ್ದರೆ ಸರ್ಕಾರಿ ಆಸ್ಪತ್ರೆಯ ದಂತ ವಿಭಾಗಕ್ಕೆ ಹೋಗಿ.

*ಹಲ್ಲು ಕೀಳಿಸಿ ತಿಂಗಳಾಯಿತು, ಗಾಯ ಮಾಯ್ದಿಲ್ಲ. ನೋವು ಅಷ್ಟಿಲ್ಲ. ಇದೂ ಡ್ರೈ ಸಾಕೆಟ್ಟಾ? ಬಹಳ ವರ್ಷದಿಂದ ತಂಬಾಕು ಹಾಕ್ತೀನಿ. — ಓದುಗರು, ಜೇವರ್ಗಿ*

ಅಲ್ಲ. ಡ್ರೈ ಸಾಕೆಟ್ ನೋವಿಲ್ಲದೆ ಇರುವುದಿಲ್ಲ, ತಿಂಗಳು ಉಳಿಯುವುದೂ ಇಲ್ಲ. ಕುಳಿಯಿಂದ ಮಾಂಸ ಉಬ್ಬಿ ಬಂದಿದೆಯೇ, ಅಂಚು ಗಟ್ಟಿಯಾಗಿದೆಯೇ, ಮುಟ್ಟಿದರೆ ರಕ್ತ ಬರುತ್ತದೆಯೇ, ತುಟಿ ಜೋಮು ಹಿಡಿದಿದೆಯೇ ಎಂದು ಪರೀಕ್ಷೆ ಆಗಬೇಕು. ಸಣ್ಣ ಚೂರು ತೆಗೆದು ಬಯಾಪ್ಸಿಗೆ ಕಳಿಸಬೇಕಾಗಬಹುದು. ಮೊದಲು ಯಾವಾಗಾದರೂ ಕುತ್ತಿಗೆ-ಮುಖಕ್ಕೆ ರೇಡಿಯೇಷನ್ ಆಗಿದ್ದರೆ, ಅಥವಾ ಮೂಳೆ ಗಟ್ಟಿಯಾಗಲು ಇಂಜೆಕ್ಷನ್ ತೆಗೆದುಕೊಂಡಿದ್ದರೆ ಅದನ್ನೂ ಹೇಳಿ, ಅವರಲ್ಲಿ ದವಡೆ ಮೂಳೆಯೇ ಸಾಯುವುದುಂಟು. ಇದೇ ವಾರ ದಂತ ಕಾಲೇಜಿನ ಓರಲ್ ಸರ್ಜರಿ ವಿಭಾಗಕ್ಕೆ ಹೋಗಿ. ಹಲ್ಲು ಕಿತ್ತಾಗಿನ ಚೀಟಿ, ಎಕ್ಸ್‌ರೇ ಇದ್ದರೆ ಜೊತೆಗೆ ಒಯ್ಯಿರಿ.